ಟೈಲರ್ ಬಿಟ್ಟುಹೋದ ಮಿಷನ್ನಿನ ಲೆಕ್ಕ

ಗಾರ್ಮೆಂಟ್ಸ್ ಫ್ಯಾಕ್ಟರಿಯ ತಿಂಗಳ ಮೀಟಿಂಗಿನಲ್ಲಿ ಎಚ್‌ಆರ್‌ನವರು ಒಂದು ಅಂಕಿ ಓದುತ್ತಾರೆ: "ಈ ತಿಂಗಳು ಅಟ್ರಿಷನ್ ಐದು ಪರ್ಸೆಂಟ್." ಪ್ರೊಡಕ್ಷನ್ ಮ್ಯಾನೇಜರ್ ತಲೆಯಾಡಿಸುತ್ತಾರೆ, ಅಕೌಂಟ್ಸ್‌ನವರು ಬರೆದುಕೊಳ್ಳುತ್ತಾರೆ, ಮೀಟಿಂಗು ಮುಂದಿನ ವಿಷಯಕ್ಕೆ ಹೋಗುತ್ತದೆ. ಕೆಲಸ ಬಿಟ್ಟುಹೋದ ಆ ಐದು ಪರ್ಸೆಂಟಿನಲ್ಲಿ ನೂಲು ಕತ್ತರಿಸುವ ಹೆಲ್ಪರ್ ಎಷ್ಟು ಜನ, ಕಾಲರ್ ಕೂರಿಸುವ ಟೈಲರ್ ಎಷ್ಟು ಜನ ಎಂದು ಯಾರೂ ಕೇಳುವುದಿಲ್ಲ. ದುಡ್ಡು ಸೋರುವುದು ಈ ಕೇಳದೇ ಉಳಿದ ಪ್ರಶ್ನೆಯಲ್ಲಿ.

ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆ ಇರುವಂಥ ಒಂದು ಶರ್ಟ್ ಫ್ಯಾಕ್ಟರಿಯನ್ನು ಇಟ್ಟುಕೊಂಡು ಈ ಲೆಕ್ಕವನ್ನು ಬಿಡಿಸೋಣ. ಕೆಳಗಿನ ಜನಸಂಖ್ಯೆ, ಸಂಬಳ, ಖರ್ಚು ಎಲ್ಲ ಉದಾಹರಣೆಗೆ ಹಿಡಿದವು. ನಿಮ್ಮ ಫ್ಯಾಕ್ಟರಿಯ ಅಂಕಿ ಹಾಕಿಕೊಂಡರೆ ಉತ್ತರ ಬದಲಾಗುತ್ತದೆ, ದಾರಿ ಇದೇ.

ಮೊದಲು, ಬಿಟ್ಟವರು ಯಾರು?

ಅಟ್ರಿಷನ್ನಿನ, ಅಂದರೆ ಲೇಬರ್ ಟರ್ನೋವರ್ ರೇಟ್‌ನ ಸೂತ್ರ ಬಿಕಾಂ ಓದಿದ ಎಲ್ಲರಿಗೂ ಗೊತ್ತು. ಒಂದು ಅವಧಿಯಲ್ಲಿ ಕೆಲಸ ಬಿಟ್ಟವರ ಸಂಖ್ಯೆಯನ್ನು ಆ ಅವಧಿಯ ಸರಾಸರಿ ಕಾರ್ಮಿಕರ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಸೂತ್ರ ಸುಲಭ, ಅದರೊಳಗೆ ಹಾಕುವ ಎರಡು ಅಂಕಿಗಳನ್ನು ಹಿಡಿಯುವುದೇ ಕಷ್ಟ.

ಗಾರ್ಮೆಂಟ್ಸ್‌ನಲ್ಲಿ ರಾಜೀನಾಮೆ ಪತ್ರ ಬರೆದುಕೊಟ್ಟು ಹೋಗುವವರು ಕಡಿಮೆ. ಸಂಬಳ ಬಂದ ಮಾರನೆಯ ದಿನದಿಂದ ಬರುವುದಿಲ್ಲ, ಅಷ್ಟೇ. ಎಚ್‌ಆರ್ ಹತ್ತು ದಿನ ಕಾಯುತ್ತದೆ, ಫೋನ್ ಮಾಡುತ್ತದೆ, ಪತ್ರ ಕಳಿಸುತ್ತದೆ, ಕಡೆಗೆ ಹೆಸರು ತೆಗೆಯುತ್ತದೆ. ಮಾರ್ಚ್ 8ಕ್ಕೆ ಕೊನೆಯ ಪಂಚ್ ಹೊಡೆದವರ ಹೆಸರು ಏಪ್ರಿಲ್ 5ಕ್ಕೆ ಮಸ್ಟರಿನಿಂದ ಹೋಗುತ್ತದೆ. ಹೆಸರು ತೆಗೆದ ತಾರೀಖು ಹಿಡಿದರೆ ಮಾರ್ಚ್ ಒಳ್ಳೆಯ ತಿಂಗಳಾಗಿ ಕಾಣುತ್ತದೆ, ಏಪ್ರಿಲ್ ಕೆಟ್ಟದ್ದಾಗಿ ಕಾಣುತ್ತದೆ. ಏಪ್ರಿಲ್‌ನಲ್ಲಿ ಏನಾಯಿತು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಆದ್ದರಿಂದ ಬಿಟ್ಟ ದಿನ ಎಂದರೆ ಕೊನೆಯ ಪಂಚ್ ಬಿದ್ದ ದಿನ. ಹಾಜರಿ ಮಿಷನ್ನಿನಲ್ಲಿ ಅದು ಹೇಗೂ ಇರುತ್ತದೆ, ಅದನ್ನೇ ತೆಗೆದುಕೊಳ್ಳಬೇಕು.

ಎರಡನೆಯ ತೊಡಕು, ವಾಪಸ್ ಬರುವವರದು. ಹಬ್ಬಕ್ಕೆ ಊರಿಗೆ ಹೋದ ಟೈಲರ್ ಇಪ್ಪತ್ತೈದು ದಿನ ಬಿಟ್ಟು ಬರುತ್ತಾರೆ. ಅಷ್ಟರಲ್ಲಿ ಹಳೆಯ ಟೋಕನ್ ನಂಬರ್ ಮುಚ್ಚಿರುತ್ತದೆ, ಹೊಸ ನಂಬರ್ ಕೊಟ್ಟು ಅದೇ ಮಿಷನ್ನಿಗೆ ಕೂರಿಸುತ್ತಾರೆ. ಕಂಪ್ಯೂಟರಿಗೆ ಒಬ್ಬರು ಹೋದರು, ಇನ್ನೊಬ್ಬರು ಬಂದರು. ವರ್ಷಕ್ಕೆ ಇಂಥವರು ಮೂವತ್ತು ಜನ ಇದ್ದರೆ ಬಿಟ್ಟವರ ಪಟ್ಟಿಗೂ ಮೂವತ್ತು, ಸೇರಿದವರ ಪಟ್ಟಿಗೂ ಮೂವತ್ತು ಸುಳ್ಳು ಸೇರಿಕೊಳ್ಳುತ್ತವೆ. ಪಿಎಫ್‌ನ ಯುಎಎನ್ ನಂಬರ್ ಆಯಾ ವ್ಯಕ್ತಿಗೇ ಅಂಟಿಕೊಂಡಿರುತ್ತದೆ, ಟೋಕನ್ನಿನಂತೆ ಬದಲಾಗುವುದಿಲ್ಲ. ಎರಡೂ ಪಟ್ಟಿಗಳನ್ನು ಯುಎಎನ್ ಮೇಲೆ ಹೊಂದಿಸಿ ನೋಡಿದರೆ ಈ ಜೋಡಿಗಳು ಹತ್ತು ನಿಮಿಷದಲ್ಲಿ ಸಿಕ್ಕಿಬೀಳುತ್ತವೆ.

ಪಿಎಫ್ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಕೆಲಸ ಬಿಟ್ಟು ಎರಡು ತಿಂಗಳು ಖಾಲಿ ಇದ್ದರೆ ಪಿಎಫ್ ದುಡ್ಡು ತೆಗೆದುಕೊಳ್ಳಬಹುದು ಎಂದಿದ್ದ ಹಿಂದಿನ ನಿಯಮವನ್ನು ನಂಬಿಕೊಂಡು ಮಗಳ ಮದುವೆಗೋ ಸಾಲ ತೀರಿಸುವುದಕ್ಕೋ ಕೆಲಸ ಬಿಡುವುದು ಈ ಉದ್ಯಮದಲ್ಲಿ ಹಳೆಯ ರೂಢಿ. 2016ರಲ್ಲಿ ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಹೊರಟಾಗ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು, ಸರ್ಕಾರ ಹಿಂದೆ ಸರಿಯಿತು. ಆ ದುಡ್ಡು ಅವರ ಲೆಕ್ಕದಲ್ಲಿ ಮುಪ್ಪಿನ ಕಾಲದ್ದಲ್ಲ, ಕಷ್ಟಕಾಲದ್ದು. "ಬಿಟ್ಟ ಕಾರಣ" ಎಂಬ ಕಾಲಮ್ಮಿನಲ್ಲಿ ಮಾತ್ರ ಎಲ್ಲರದೂ ಒಂದೇ ಉತ್ತರ, "ಮನೆಯಲ್ಲಿ ತೊಂದರೆ". ಆ ಕಾಲಮ್ಮನ್ನು ನಂಬಿ ತೀರ್ಮಾನ ಮಾಡುವುದಕ್ಕಿಂತ ಸೇರಿದ ತಾರೀಖು, ಬಿಟ್ಟ ತಾರೀಖು, ಮಾಡುತ್ತಿದ್ದ ಆಪರೇಷನ್ ಈ ಮೂರನ್ನು ನೋಡುವುದು ವಾಸಿ.

ಅರವತ್ತು ಪರ್ಸೆಂಟ್ ಎಂದರೆ ಅರವತ್ತು ಜನ ಅಲ್ಲ

ನಮ್ಮ ಫ್ಯಾಕ್ಟರಿಯಲ್ಲಿ ಏಪ್ರಿಲ್ 1ಕ್ಕೆ 720 ಜನ ಇದ್ದರು, ಮುಂದಿನ ಮಾರ್ಚ್ 31ಕ್ಕೆ 680. ವಾಪಸ್ ಬಂದವರನ್ನು ಕಳೆದ ಮೇಲೆ ವರ್ಷದಲ್ಲಿ ಬಿಟ್ಟವರು 420, ಹೊಸದಾಗಿ ಸೇರಿದವರು 380. ಆರಂಭ ಮತ್ತು ಕೊನೆಯ ಸಂಖ್ಯೆಗಳ ಸರಾಸರಿ 700, ಹಾಗಾಗಿ ರೇಟ್ 60 ಪರ್ಸೆಂಟ್.

ಆದರೆ ಎರಡು ತುದಿಗಳ ಸರಾಸರಿ ಮೋಸ ಮಾಡುತ್ತದೆ. ಮಾರ್ಚ್ ಕೊನೆಗೆ ಶಿಪ್‌ಮೆಂಟ್ ಒತ್ತಡಕ್ಕೆ ಜನರನ್ನು ತುಂಬಿಸಿಕೊಂಡಿರುತ್ತಾರೆ, ನಡುವೆ ದೀಪಾವಳಿ ಆದಮೇಲೆ ಲೈನುಗಳು ಬಿಕೋ ಎನ್ನುತ್ತಿರುತ್ತವೆ. ಹನ್ನೆರಡು ತಿಂಗಳ ಸಂಖ್ಯೆಗಳನ್ನು ಕೂಡಿಸಿ ಭಾಗಿಸಿದರೆ ಸರಾಸರಿ 672 ಬಂದಿತು ಎನ್ನಿ, ರೇಟ್ 62.5 ಆಗುತ್ತದೆ. ವ್ಯತ್ಯಾಸ ಸಣ್ಣದು. ಆದರೆ ಎರಡು ಯೂನಿಟ್‌ಗಳನ್ನು ಹೋಲಿಸುವಾಗ ಒಂದು ಕಡೆ ಒಂದು ಪದ್ಧತಿ, ಇನ್ನೊಂದು ಕಡೆ ಇನ್ನೊಂದು ಪದ್ಧತಿ ಇದ್ದರೆ ಜಗಳಕ್ಕೆ ಅಷ್ಟೇ ಸಾಕು.

ಈ ರೇಟ್ ನೂರನ್ನೂ ದಾಟಬಹುದು. ಅಮೆರಿಕದ ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕ್‌ನಲ್ಲಿದ್ದ ಫೋರ್ಡ್ ಕಾರ್ಖಾನೆಯಲ್ಲಿ 1913ರಲ್ಲಿ ಇದು 370 ಪರ್ಸೆಂಟ್ ಇತ್ತು. ಸುಮಾರು 14,000 ಜನರನ್ನು ಕೆಲಸದಲ್ಲಿ ಇಟ್ಟುಕೊಳ್ಳಲು ವರ್ಷಕ್ಕೆ 52,000 ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ್ದರ ಹಿಂದೆ ಈ ಲೆಕ್ಕವೂ ಇತ್ತು. ಒಂದೇ ಜಾಗಕ್ಕೆ ವರ್ಷದಲ್ಲಿ ನಾಲ್ಕೈದು ಜನ ಬಂದು ಹೋದರೆ ಅಂಕಿ ಹೀಗೆ ಏರುತ್ತದೆ. ಅಂದರೆ ರೇಟ್ ಎಣಿಸುವುದು ನಿರ್ಗಮನಗಳನ್ನು. ಮೊದಲಿದ್ದವರಲ್ಲಿ ಎಷ್ಟು ಜನ ಉಳಿದರು ಎಂಬುದನ್ನು ಅದು ಹೇಳುವುದಿಲ್ಲ.

ಅದಕ್ಕೆ ಇನ್ನೊಂದು ಅಳತೆ ಬೇಕು, ಉಳಿಕೆಯ ಪ್ರಮಾಣ. ಏಪ್ರಿಲ್ 1ಕ್ಕೆ ಇದ್ದ 720 ಜನರಲ್ಲಿ ವರ್ಷದ ಕೊನೆಗೂ ಇರುವವರು ಎಷ್ಟು? ನಮ್ಮಲ್ಲಿ 500, ಅಂದರೆ 69.4 ಪರ್ಸೆಂಟ್. ಈಗ ಚಿತ್ರ ತಿರುಗುತ್ತದೆ. ಬಿಟ್ಟ 420ರಲ್ಲಿ ಹಳಬರು 220 ಮಾತ್ರ. ಉಳಿದ 200 ಜನ ಅದೇ ವರ್ಷ ಸೇರಿ ಅದೇ ವರ್ಷ ಹೋದವರು. ಅಂದರೆ ಹೊಸದಾಗಿ ಸೇರಿದ 380ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಲ್ಲಲಿಲ್ಲ. ಇವು ಎರಡು ಬೇರೆ ಕಾಯಿಲೆಗಳು. ಹೊಸಬರು ನಿಲ್ಲದಿರುವುದಕ್ಕೆ ಕಾರಣ ಸೇರಿಸಿಕೊಳ್ಳುವಾಗ ಹೇಳಿದ ಮಾತು, ಮೊದಲ ವಾರದ ಬೈಗುಳ, ಬಸ್ಸು, ಹಾಸ್ಟೆಲ್ ಇತ್ಯಾದಿ. ಹಳಬರು ಹೋಗುವುದಕ್ಕೆ ಕಾರಣ ಪಕ್ಕದ ಫ್ಯಾಕ್ಟರಿಯ ಐನೂರು ರೂಪಾಯಿ, ಸೂಪರ್‌ವೈಸರ್ ಬದಲಾದದ್ದು, ಊರಿನ ಹತ್ತಿರವೇ ಹೊಸ ಯೂನಿಟ್ ಶುರುವಾದದ್ದು. ಒಂದೇ ಪರ್ಸೆಂಟಿನಲ್ಲಿ ಎರಡನ್ನೂ ಕಲಸಿದರೆ ಔಷಧಿ ತಪ್ಪುತ್ತದೆ.

ಎಕ್ಸೆಲ್ ಶೀಟಿನಲ್ಲಿ B ಕಾಲಮ್ಮಿಗೆ ಸೇರಿದ ತಾರೀಖು, C ಕಾಲಮ್ಮಿಗೆ ಕೊನೆಯ ಪಂಚ್ ತಾರೀಖು (ಇರುವವರಿಗೆ ಖಾಲಿ) ಹಾಕಿ, ಮಾರ್ಚ್ 31ರ ಸಂಜೆ ಲೆಕ್ಕ ತೆಗೆದರೆ ಇಷ್ಟು ಸಾಕು:

```
ಬಿಟ್ಟವರು:
=COUNTIFS(C:C,">="&DATE(2024,4,1),C:C,"<="&DATE(2025,3,31))
ಉಳಿದ ಹಳಬರು:
=COUNTIFS(B:B,"<"&DATE(2024,4,1),C:C,"")
```

ಇದೇ ಶೀಟಿಗೆ D ಕಾಲಮ್ಮಿನಲ್ಲಿ ಆಪರೇಷನ್ ಹೆಸರು ಸೇರಿಸಿ. "ಟೈಲರ್" ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಕಾಲರ್ ಅಟ್ಯಾಚ್, ಕಫ್ ಅಟ್ಯಾಚ್, ಸ್ಲೀವ್ ಅಟ್ಯಾಚ್, ಪಾಕೆಟ್, ಬಟನ್ ಹೋಲ್ ಎಂದು ಬಿಡಿಬಿಡಿಯಾಗಿ ಬರೆಯಬೇಕು. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಕಾಲರ್ ಮಿಷನ್ ಖಾಲಿಯಾದಾಗ

ಶರ್ಟಿನ ಮೈಗೆ ಕಾಲರ್ ಬ್ಯಾಂಡ್ ಕೂರಿಸುವ ಆಪರೇಷನ್ ನೋಡಲು ಸಣ್ಣದು, ನುರಿತವರ ಕೈಯಲ್ಲಿ ಒಂದು ನಿಮಿಷವೂ ಹಿಡಿಯುವುದಿಲ್ಲ. ಆದರೆ ಕತ್ತಿನ ಸುತ್ತಿನ ಬಟ್ಟೆ ಬಾಗಿ ಕತ್ತರಿಸಿದ್ದು, ಸ್ವಲ್ಪ ಎಳೆದರೂ ಹಿಗ್ಗುತ್ತದೆ. ಬ್ಯಾಂಡ್ ಒಳಗೆ ಗಟ್ಟಿ ಕ್ಯಾನ್ವಾಸ್ ಇರುವುದರಿಂದ ಅದು ಹಿಗ್ಗುವುದಿಲ್ಲ. ಟೈಲರ್ ಎಡಗೈಯಿಂದ ಮೈಯನ್ನು ಎಳೆಯದೆ, ಬಿಡದೆ ಒಳಗೆ ಊಡಿಸುತ್ತ, ಬೆನ್ನಿನ ಮಧ್ಯದ ನಾಚ್, ಅಂದರೆ ಗುರುತಿಗೆ ಹಾಕಿದ ಸಣ್ಣ ಕತ್ತರಿ ಕಚ್ಚು, ಮತ್ತು ಎರಡು ಭುಜದ ನಾಚ್‌ಗಳನ್ನು ಬ್ಯಾಂಡಿನ ನಾಚ್‌ಗಳಿಗೆ ಸರಿಯಾಗಿ ಕೂರಿಸಬೇಕು. ಮಧ್ಯದ ನಾಚ್ ಮೂರು ನಾಲ್ಕು ಮಿಲಿಮೀಟರ್ ಆಚೀಚೆ ಆದರೆ ಗುಂಡಿ ಹಾಕಿದಾಗ ಕಾಲರ್ ಒಂದು ಕಡೆಗೆ ತಿರುಗುತ್ತದೆ. ಕೊನೆಯಲ್ಲಿ ಬ್ಯಾಂಡಿನ ತುದಿ ಎದೆಪಟ್ಟಿಯ ಅಂಚಿಗೆ ಸಮ ಬರದೆ ಮೆಟ್ಟಿಲಿನಂತೆ ಉಳಿದರೆ ಬೈಯರ್‌ನ ಕ್ಯೂಸಿ ಆ ಪೀಸನ್ನು ಕೈಗೆ ತೆಗೆದುಕೊಂಡ ಕೂಡಲೇ ಪಕ್ಕಕ್ಕಿಡುತ್ತಾರೆ. ಇದನ್ನು ಕಾಗದದಲ್ಲಿ ಬರೆದು ಕಲಿಸಲಾಗುವುದಿಲ್ಲ. ಕೈಗೆ ಬಟ್ಟೆಯ ಎಳೆತ ಗೊತ್ತಾಗಬೇಕು, ಅದಕ್ಕೆ ವಾರಗಳು ಬೇಕು.

ಲೈನಿನ ಲೆಕ್ಕ ಹೀಗಿದೆ. ನಲವತ್ತು ಟೈಲರ್‌ಗಳು, ದಿನಕ್ಕೆ ಎಂಟು ಗಂಟೆ. ಒಂದು ಶರ್ಟಿಗೆ ನಿಗದಿಯಾದ ಹೊಲಿಗೆಯ ಸಮಯ, ಕೆಲಸದ ಸಮಯ ಅಳೆಯುವ ಐಇ ವಿಭಾಗದವರು ಎಸ್‌ಎಎಂ ಎನ್ನುವುದು, 24 ನಿಮಿಷ. ಲೈನ್ 60 ಪರ್ಸೆಂಟ್ ಎಫಿಷಿಯೆನ್ಸಿಯಲ್ಲಿ ಓಡಿದರೆ ದಿನಕ್ಕೆ 480 ಶರ್ಟ್, ಗಂಟೆಗೆ 60. ಕಾಲರ್ ಅಟ್ಯಾಚ್‌ನ ಎಸ್‌ಎಎಂ 0.8 ನಿಮಿಷ ಎಂದುಕೊಳ್ಳಿ. ನೂರಕ್ಕೆ ನೂರು ವೇಗದಲ್ಲಿ ಗಂಟೆಗೆ 75 ಪೀಸು ಬರುತ್ತದೆ. ಹಳೆಯ ಟೈಲರ್ 85ರಲ್ಲಿ ಹೊಲಿಯುತ್ತಿದ್ದರು, ಗಂಟೆಗೆ 64ರ ಹತ್ತಿರ. ಲೈನಿಗೆ ಬೇಕಾದದ್ದು 60. ಅಂದರೆ ಈ ಮಿಷನ್ನಿನಲ್ಲಿ ಮಿಗುತ್ತಿದ್ದದ್ದು ನಾಲ್ಕೇ ಪೀಸು.

ಅವರು ಹೋದರು. ಹೊಸದಾಗಿ ಬಂದವರಿಗೆ ಮಿಷನ್ ಗೊತ್ತು, ಕಾಲರ್ ಗೊತ್ತಿಲ್ಲ. ಮೊದಲ ವಾರ 40 ಪರ್ಸೆಂಟ್, ಅಂದರೆ ಗಂಟೆಗೆ 30 ಪೀಸು. ಆಮೇಲೆ ವಾರವಾರಕ್ಕೆ 50, 58, 65, 70, 75 ಎಂದು ಏರಿ ಏಳನೆಯ ವಾರ 80 ಮುಟ್ಟಿ ಗಂಟೆಗೆ 60 ಕೊಡುತ್ತಾರೆ. ಏರಿಕೆ ಶುರುವಿನಲ್ಲಿ ಜೋರು, ಆಮೇಲೆ ನಿಧಾನ. ಮೂರನೆಯ ವಾರಕ್ಕೇ "ಇವರು ಕಲಿತರು" ಎಂದು ಸೂಪರ್‌ವೈಸರ್ ಸಹಾಯ ತೆಗೆದುಬಿಡುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು.

ಆರು ವಾರಗಳಲ್ಲಿ ಗಂಟೆಗಂಟೆಯ ಕೊರತೆಯನ್ನು ಕೂಡಿಸಿದರೆ, ವಾರಕ್ಕೆ 48 ಗಂಟೆಯಂತೆ, 4,392 ಪೀಸು ಆಗುತ್ತದೆ. ಶರ್ಟು ಕಾಲರ್ ಇಲ್ಲದೆ ಮುಂದೆ ಹೋಗುವುದಿಲ್ಲ. ಹಿಂದಿನ ಮಿಷನ್‌ಗಳ ಬಳಿ ಪೀಸು ಗುಡ್ಡೆಯಾಗುತ್ತದೆ, ಮುಂದಿನ ಮಿಷನ್‌ಗಳಲ್ಲಿ ಕೈಕಟ್ಟಿ ಕೂರುತ್ತಾರೆ. ಒಬ್ಬರ ನಿಧಾನಕ್ಕೆ ನಲವತ್ತು ಜನರ ಸಂಬಳ ಓಡುತ್ತಿರುತ್ತದೆ.

ನಿಜದಲ್ಲಿ ಯಾವ ಸೂಪರ್‌ವೈಸರ್ ಕೂಡ ಲೈನನ್ನು ಹಾಗೆ ನಿಲ್ಲಲು ಬಿಡುವುದಿಲ್ಲ. ಎಲ್ಲ ಆಪರೇಷನ್ ಬಲ್ಲ ಫ್ಲೋಟರ್ ಒಬ್ಬರನ್ನು ತಂದು ಕೂರಿಸುತ್ತಾರೆ, ಸಂಜೆ ಓಟಿ ಮಾಡಿಸುತ್ತಾರೆ, ಊಟದ ಹೊತ್ತಿಗೆ ಇನ್ನೊಬ್ಬರನ್ನು ಹೊಲಿಸುತ್ತಾರೆ. ಕೊರತೆಯ ಹತ್ತರಲ್ಲಿ ಒಂಬತ್ತು ಭಾಗ ಹೀಗೆ ತುಂಬಿದರೂ 439 ಶರ್ಟ್ ಖೋತಾ. ಆರು ವಾರಕ್ಕೆ ಹಂಚಿದರೆ ದಿನಕ್ಕೆ ಹನ್ನೆರಡು. ದಿನದ ಪ್ರೊಡಕ್ಷನ್ ಬೋರ್ಡಿನಲ್ಲಿ 480ರ ಬದಲು 468 ಎಂದು ಬರೆದಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಈ ಖರ್ಚಿಗೆ ಬಚ್ಚಿಟ್ಟ ಖರ್ಚು ಎನ್ನುವುದು.

ರೂಪಾಯಿಗೆ ತಿರುಗಿಸಿದರೆ

ಟೈಲರ್ ಸಂಬಳ ತಿಂಗಳಿಗೆ ₹14,000 ಎಂದಿಟ್ಟುಕೊಳ್ಳೋಣ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ ₹538. ಪಿಎಫ್, ಇಎಸ್‌ಐ, ಬೋನಸ್, ಗ್ರಾಚ್ಯುಟಿ ಪಾಲು ಸೇರಿ ಮಾಲೀಕರಿಗೆ ಬೀಳುವುದು ಸುಮಾರು ₹700. ಹೆಲ್ಪರ್, ಚೆಕರ್ ಎಲ್ಲ ಸೇರಿ ಲೈನಿನಲ್ಲಿ 55 ಜನ, ದಿನಕ್ಕೆ ₹38,500. ಬಾಡಿಗೆ, ಕರೆಂಟು, ಮಿಷನ್ ಸೇರಿಸಿ ₹48,000. ಈ ಖರ್ಚು 480 ಶರ್ಟ್ ಆದರೂ ಅಷ್ಟೇ, 400 ಆದರೂ ಅಷ್ಟೇ. ಹಾಗಾಗಿ ಆಗದೇ ಹೋದ ಒಂದೊಂದು ಶರ್ಟಿಗೂ ₹100 ಮುಳುಗಿದಂತೆ. 439 ಶರ್ಟಿಗೆ ಸುಮಾರು ₹43,900.

ಕೊರತೆ ತುಂಬಲು ಬಂದ ಫ್ಲೋಟರ್ ಮತ್ತು ಓಟಿ ಪುಕ್ಕಟೆಯಲ್ಲ. 70 ಪರ್ಸೆಂಟ್ ವೇಗದಲ್ಲಿ ಆ 3,953 ಪೀಸು ಹೊಲಿಯಲು 75 ಗಂಟೆ ಬೇಕು. ಓಟಿಗೆ ಕಾನೂನಿನ ಪ್ರಕಾರ ಎರಡು ಪಟ್ಟು ಕೂಲಿ, ಗಂಟೆಗೆ ಸುಮಾರು ₹135. ಒಟ್ಟು ₹10,100.

ಇನ್ನು ಆಲ್ಟರ್ ಪೀಸುಗಳು. ಹಳೆಯ ಟೈಲರ್ ಕೈಯಲ್ಲಿ ನೂರಕ್ಕೆ ಮೂರು ಪೀಸು ವಾಪಸ್ ಬರುತ್ತಿದ್ದರೆ ಹೊಸಬರಲ್ಲಿ ಮೊದಲ ನಾಲ್ಕು ವಾರ ಹನ್ನೆರಡು ಬರುತ್ತವೆ ಎನ್ನಿ. ಆ ನಾಲ್ಕು ವಾರಗಳಲ್ಲಿ ಅವರು ಹೊಲಿದದ್ದು ಸುಮಾರು 7,670 ಪೀಸು, ಅದರಲ್ಲಿ ಹೆಚ್ಚುವರಿಯಾಗಿ ಕೆಟ್ಟದ್ದು 690. ಕಾಲರ್ ಬಿಚ್ಚುವುದು ಹೊಲಿಯುವುದಕ್ಕಿಂತ ದೊಡ್ಡ ಕೆಲಸ. ಬಿಚ್ಚಿ, ನೂಲು ತೆಗೆದು, ಮತ್ತೆ ಹೊಲಿದು, ಮತ್ತೆ ಚೆಕ್ ಮಾಡಲು ಪೀಸಿಗೆ ಆರು ನಿಮಿಷ ಹಿಡಿದರೆ 69 ಗಂಟೆ, ₹6,000. ಬಿಚ್ಚುವಾಗ ಬ್ಲೇಡ್ ತಾಗಿ ತೂತಾದ ಹದಿನಾಲ್ಕು ಶರ್ಟುಗಳನ್ನು ಪೂರ್ತಿ ಎಸೆದರೆ ಬಟ್ಟೆ ಮತ್ತು ಗುಂಡಿ ಲೇಬಲ್ ಸೇರಿ ತಲಾ ₹350, ಒಟ್ಟು ₹4,900. ಇಲ್ಲಿ ಒಂದು ಕಿರಿಕಿರಿ ಇದೆ: ಬೆಳಿಗ್ಗೆ ಹತ್ತಕ್ಕೆ ಆದ ತಪ್ಪು ಲೈನಿನ ಕೊನೆಯ ಚೆಕರ್ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ, ಅಷ್ಟರಲ್ಲಿ ಅದೇ ತಪ್ಪಿನ ಇನ್ನೂ ಹಲವು ಪೀಸು ಮುಂದೆ ಹೋಗಿರುತ್ತವೆ. ಹೊಸಬರು ಕೂತ ಮೊದಲ ಎರಡು ವಾರ ಅವರ ಮಿಷನ್ನಿನ ಪಕ್ಕದಲ್ಲೇ ಒಬ್ಬ ಚೆಕರ್ ಕೂರಿಸುವವರು ಈ ಖರ್ಚನ್ನು ಅರ್ಧಕ್ಕೆ ಇಳಿಸುತ್ತಾರೆ.

ಉಳಿದದ್ದು ಎಲ್ಲರಿಗೂ ಕಾಣುವ ಖರ್ಚು. ಕರೆತಂದವರಿಗೆ ಕಮಿಷನ್, ಮೆಡಿಕಲ್, ಐಡಿ ಕಾರ್ಡು ಇತ್ಯಾದಿ ₹2,500. ಟ್ರೈನಿಂಗ್ ರೂಮಿನಲ್ಲಿ ಮೂರು ದಿನ ₹3,000. ಮೂರು ವಾರ ದಿನಕ್ಕೊಂದು ಗಂಟೆ ಸೂಪರ್‌ವೈಸರ್ ಪಕ್ಕದಲ್ಲಿ ನಿಂತದ್ದಕ್ಕೆ ₹2,300.

ಎಲ್ಲ ಸೇರಿ ಸುಮಾರು ₹72,700. ಮಿಷನ್ ಆರು ದಿನ ಖಾಲಿ ಇದ್ದಾಗ ಉಳಿದ ಸಂಬಳ ₹4,200 ಕಳೆದರೆ ₹68,500. ಟೈಲರ್‌ನ ಸುಮಾರು ಐದು ತಿಂಗಳ ಸಂಬಳ. ಎಚ್‌ಆರ್ ಬಜೆಟ್ಟಿನಲ್ಲಿ ಇದಕ್ಕೆ ಬರೆದಿರುವುದು ಮಾತ್ರ ₹5,500.

ಈ ಲೆಕ್ಕ ಹಾಕುವಾಗ ಕೈ ಜಾರುವ ಜಾಗಗಳಿವೆ. "ಹೊಸಬರು 40 ಪರ್ಸೆಂಟ್ ಕೆಲಸ ಮಾಡಿದರು, ಸಂಬಳ ಪೂರ್ತಿ ಕೊಟ್ಟೆವು, 60 ಪರ್ಸೆಂಟ್ ನಷ್ಟ" ಎಂದು ಒಮ್ಮೆ ಬರೆದು, ಶರ್ಟ್ ಕಡಿಮೆಯಾದದ್ದನ್ನು ಇನ್ನೊಮ್ಮೆ ಬರೆದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತೆ. ಬಿಟ್ಟುಹೋದವರಿಗೆ ಕೊಟ್ಟ ಗ್ರಾಚ್ಯುಟಿ, ರಜೆಯ ದುಡ್ಡು ಇದರಲ್ಲಿ ಬರುವುದಿಲ್ಲ. ಅದು ಅವರು ಆಗಲೇ ದುಡಿದದ್ದು, ಇಂದಲ್ಲ ನಾಳೆ ಕೊಡಲೇಬೇಕಿತ್ತು. ಆರ್ಡರ್ ಇಲ್ಲದ ತಿಂಗಳಲ್ಲಿ ₹43,900ರ ನಷ್ಟ ಸೊನ್ನೆಯ ಹತ್ತಿರ ಬರುತ್ತದೆ, ಏಕೆಂದರೆ ಆ ಶರ್ಟುಗಳನ್ನು ಕೊಳ್ಳುವವರೇ ಇರಲಿಲ್ಲ. ಇನ್ನೊಂದು ತುದಿಯಲ್ಲಿ, ಶಿಪ್‌ಮೆಂಟ್ ತಪ್ಪಿ ಸರಕನ್ನು ವಿಮಾನದಲ್ಲಿ ಕಳಿಸಬೇಕಾಗಿ ಬಂದರೆ ಈ ಅಂಕಿಗಳೆಲ್ಲ ಚಿಲ್ಲರೆ. ಆದರೆ ಆ ಬಿಲ್ಲನ್ನು ಬಿಟ್ಟುಹೋದ ಒಬ್ಬ ಟೈಲರ್ ತಲೆಗೆ ಕಟ್ಟುವುದು ಸರಿಯಲ್ಲ, ಬಟ್ಟೆ ತಡವಾಗಿ ಬಂದದ್ದೂ ಅದರಲ್ಲಿರುತ್ತದೆ.

ಅದೇ ಲೈನಿನ ಇನ್ನೊಂದು ಮಿಷನ್

ಅದೇ ವಾರ ಬಟನ್ ಹೋಲ್ ಮಿಷನ್ನಿನವರು ಬಿಟ್ಟರು ಎಂದುಕೊಳ್ಳಿ. ಹೊಲಿಯುವುದನ್ನು ಮಿಷನ್ನೇ ಮಾಡುತ್ತದೆ, ಕೈಯವರ ಕೆಲಸ ಗುರುತಿಗೆ ಸರಿಯಾಗಿ ಇಡುವುದು. ಆ ಜಾಗದಲ್ಲಿ ಗಂಟೆಗೆ 90 ಪೀಸಿನ ಶಕ್ತಿ ಇದ್ದು ಲೈನಿಗೆ 60 ಸಾಕಾಗಿದ್ದರೆ, ಹೊಸಬರು ಮೂರನೇ ಎರಡು ಭಾಗ ವೇಗಕ್ಕೆ ಬಂದ ದಿನವೇ ಲೈನ್ ಸಲೀಸು. ಒಟ್ಟು ಖರ್ಚು ₹14,000 ದಾಟುವುದಿಲ್ಲ. ನೂಲು ಕತ್ತರಿಸುವ ಹೆಲ್ಪರ್ ಹೋದರೆ ಐದು ಸಾವಿರ.

ಟರ್ನೋವರ್ ರೇಟ್‌ಗೆ ಈ ಮೂವರೂ ಒಂದೊಂದು ತಲೆ. ಫ್ಯಾಕ್ಟರಿಯ 420 ನಿರ್ಗಮನಗಳನ್ನು ಈಗ ಬಿಡಿಸಿ. ಹಳಬರ 220ರಲ್ಲಿ ಕಾಲರ್, ಕಫ್, ಸ್ಲೀವ್‌ನಂಥ, ಲೈನಿಗೆ ಬೇಕಾದಷ್ಟೇ ಪೀಸು ಬಂದು ಹೆಚ್ಚೇನೂ ಮಿಗದ ಬಿಗಿ ಜಾಗಗಳಲ್ಲಿ ಇದ್ದವರು 70, ಉಳಿದ ಮಿಷನ್‌ಗಳಲ್ಲಿ 150. ಸೇರಿ ವರ್ಷದೊಳಗೆ ಹೋದವರು 200, ಅವರಲ್ಲಿ ಬಹುತೇಕರು ಹೆಲ್ಪರ್ ಮತ್ತು ಕಲಿಯುವವರು. ಖರ್ಚು ಕ್ರಮವಾಗಿ ₹48 ಲಕ್ಷ, ₹21 ಲಕ್ಷ, ₹10 ಲಕ್ಷ. ಆರರಲ್ಲಿ ಒಂದು ಪಾಲು ಜನ ಹೋದದ್ದಕ್ಕೆ ಒಟ್ಟು ನಷ್ಟದ ಅರವತ್ತು ಪರ್ಸೆಂಟ್. ಆ ವರ್ಷ ಎಚ್‌ಆರ್‌ನವರು ಹೆಲ್ಪರ್‌ಗಳನ್ನು ಹಿಡಿದಿಟ್ಟುಕೊಂಡು ರೇಟನ್ನು 60ರಿಂದ 50ಕ್ಕೆ ಇಳಿಸಿ ಚಪ್ಪಾಳೆ ಪಡೆದಿದ್ದರೂ ಉಳಿಯುತ್ತಿದ್ದದ್ದು ಮೂರೂವರೆ ಲಕ್ಷ ಮಾತ್ರ.

ಯಾವ ಜಾಗ ಬಿಗಿ ಎಂದು ತಿಳಿಯಲು ದೊಡ್ಡ ಅಧ್ಯಯನ ಬೇಡ. ಒಂದು ವಾರ ಮಧ್ಯಾಹ್ನ ಮೂರು ಗಂಟೆಗೆ ಲೈನಿನ ಉದ್ದಕ್ಕೂ ನಡೆದು ಯಾವ ಮಿಷನ್ನಿನ ಮುಂದೆ ಬಂಡಲ್ ಗುಡ್ಡೆಯಾಗಿದೆ ನೋಡಿ. ಐದು ದಿನವೂ ಒಂದೇ ಕಡೆ ಗುಡ್ಡೆ ಇದ್ದರೆ ಅದೇ ಬಿಗಿ ಜಾಗ. ಸ್ಟೈಲ್ ಬದಲಾದರೆ ಜಾಗವೂ ಬದಲಾಗುತ್ತದೆ, ಹಾಗಾಗಿ ಪಟ್ಟಿಯನ್ನು ಸ್ಟೈಲ್ ಬದಲಾದಾಗಲೆಲ್ಲ ತಿದ್ದಬೇಕು.

ಈ ಲೆಕ್ಕವನ್ನು ಸುಮ್ಮನೆ ಗುಣಿಸಿಕೊಂಡು ಹೋಗುವಂತೆಯೂ ಇಲ್ಲ. ಒಂದೇ ಊರಿನಿಂದ ಒಂದೇ ಟೆಂಪೋದಲ್ಲಿ ಬರುವ ಐದು ಜನ, ಟೆಂಪೋ ನಿಂತ ದಿನ ಐವರೂ ನಿಲ್ಲುತ್ತಾರೆ. ಒಬ್ಬರು ಪಕ್ಕದ ಫ್ಯಾಕ್ಟರಿಗೆ ಸೇರಿದರೆ ಅಕ್ಕತಂಗಿಯರಂತೆ ಇದ್ದ ಇಬ್ಬರನ್ನು ಕರೆದುಕೊಳ್ಳುತ್ತಾರೆ. ಫ್ಲೋಟರ್ ಮಾತ್ರ ಒಬ್ಬರೇ. ಒಂದು ಕಾಲರ್ ಮಿಷನ್ ಖಾಲಿಯಾದಾಗ ಕೊರತೆಯ ಹತ್ತರಲ್ಲಿ ಒಂಬತ್ತು ಭಾಗ ತುಂಬಿದ ಫ್ಲೋಟರ್, ಅದೇ ವಾರ ಕಫ್ ಮಿಷನ್ನೂ ಖಾಲಿಯಾದರೆ ಎರಡು ಕಡೆ ಓಡಬೇಕು. ಆಗ ಅರ್ಧದಷ್ಟೇ ತುಂಬಲು ಸಾಧ್ಯವಾದರೆ, ಕಾಲರ್ ಒಂದರಿಂದಲೇ ಖೋತಾ ಆಗುವುದು 2,196 ಶರ್ಟ್. ನಷ್ಟ ಎರಡು ಪಟ್ಟಲ್ಲ, ಐದು ಪಟ್ಟು. ಆದ್ದರಿಂದ ವರ್ಷದ ರೇಟ್‌ಗಿಂತ, ಒಂದೇ ಲೈನಿನಲ್ಲಿ ಹದಿನೈದು ದಿನದೊಳಗೆ ಬಿಗಿ ಜಾಗದವರು ಇಬ್ಬರು ಬಿಟ್ಟದ್ದು ಎಷ್ಟು ಸಲ ಎಂದು ಎಣಿಸಿದ ಪಟ್ಟಿ ಪ್ರೊಡಕ್ಷನ್ ಮ್ಯಾನೇಜರ್‌ಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಾಗಾದರೆ ಎಷ್ಟು ಖರ್ಚು ಮಾಡಬಹುದು?

₹68,500 ಎಂಬ ಅಂಕಿ ಕೈಗೆ ಬಂದ ಕೂಡಲೇ "ಎಲ್ಲರಿಗೂ ಸಂಬಳ ಏರಿಸಿದರೆ ಫ್ಯಾಕ್ಟರಿಗೇ ಲಾಭ" ಎನ್ನಿಸುತ್ತದೆ. ಹಾಕಿ ನೋಡಿ. ಬಿಗಿ ಜಾಗಗಳಲ್ಲಿ 150 ಟೈಲರ್‌ಗಳಿದ್ದಾರೆ ಎನ್ನಿ. ತಿಂಗಳಿಗೆ ತಲಾ ₹1,000 ಸ್ಕಿಲ್ ಅಲೋಯನ್ಸ್ ಕೊಟ್ಟರೆ ವರ್ಷಕ್ಕೆ ₹18 ಲಕ್ಷ. ಬಿಡುವವರು 70ರಿಂದ 45ಕ್ಕೆ ಇಳಿದರೆ ಉಳಿಯುವುದು 25 ಜನರ ಲೆಕ್ಕ, ₹17.1 ಲಕ್ಷ. ಹೆಚ್ಚುಕಡಿಮೆ ಸರಿಗೆ ಸರಿ. ದುಡ್ಡಿನ ಲೆಕ್ಕದಲ್ಲಿ ಇದು ಗೆಲುವಲ್ಲ, ಸೋಲೂ ಅಲ್ಲ. ಟೈಲರ್‌ಗೆ ಮಾತ್ರ ಸಾವಿರ ರೂಪಾಯಿ ಸಿಗುತ್ತದೆ, ಹಾಗಾಗಿ ಮಾಡಬಾರದೆಂದೇನೂ ಇಲ್ಲ.

ಇನ್ನೊಂದು ದಾರಿ, ಬಿಡುವವರ ಸಂಖ್ಯೆಯನ್ನು ಬಿಟ್ಟು, ಒಬ್ಬರು ಬಿಟ್ಟಾಗ ಆಗುವ ನಷ್ಟವನ್ನೇ ಕಡಿಮೆ ಮಾಡುವುದು. ಹನ್ನೆರಡು ಲೈನಿನಲ್ಲಿ ತಲಾ ಇಬ್ಬರಂತೆ 24 ಟೈಲರ್‌ಗಳಿಗೆ ನಾಲ್ಕು ವಾರ ದಿನಕ್ಕೊಂದು ಗಂಟೆ ಎರಡನೆಯ ಬಿಗಿ ಆಪರೇಷನ್ ಕಲಿಸಬೇಕು. ಖೋತಾ ಆದ ಕೆಲಸ ಸೇರಿ ತಲಾ ₹5,000, ಒಟ್ಟು ₹1.2 ಲಕ್ಷ. ಅವರಿಗೆ ತಿಂಗಳಿಗೆ ₹600 ಹೆಚ್ಚು ಕೊಟ್ಟರೆ ವರ್ಷಕ್ಕೆ ₹1.7 ಲಕ್ಷ. ಇದರಿಂದ ಖೋತಾ ಶರ್ಟುಗಳ ನಷ್ಟ ₹43,900ರಿಂದ ಅರ್ಧಕ್ಕೆ ಬಂದರೆ 70 ನಿರ್ಗಮನಗಳಿಗೆ ಹದಿನೈದು ಲಕ್ಷ ಉಳಿಯುತ್ತದೆ, ಒಬ್ಬರೂ ಹೆಚ್ಚಿಗೆ ನಿಲ್ಲದಿದ್ದರೂ. ಆ ₹600 ಇಲ್ಲದೆ ಕಲಿಸಿದರೆ ಏನಾಗುತ್ತದೆ ಎಂಬುದನ್ನು ಈ ಭಾಗದ ಫ್ಯಾಕ್ಟರಿಗಳವರಿಗೆ ಹೇಳಬೇಕಾಗಿಲ್ಲ. ಎರಡು ಆಪರೇಷನ್ ಬಲ್ಲ ಟೈಲರ್ ಪಕ್ಕದ ಗೇಟಿನಲ್ಲಿ ಟ್ರಯಲ್ ಕೊಟ್ಟರೆ ಅಂದೇ ಟೋಕನ್ ಸಿಗುತ್ತದೆ.